ಫೋಟೋ ಮಸುಕಾಗದಂತೆ 200×230 ಪಿಕ್ಸೆಲ್, 20ರಿಂದ 50 ಕೆಬಿಗೆ ತರುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಬ್ಯಾಂಕ್ ಪರೀಕ್ಷೆಗೆ ಓದುವವರಿಗೆ ಈ ಅಂಕಿಗಳು ಗೊತ್ತೇ ಇರುತ್ತವೆ. ಐಬಿಪಿಎಸ್ ಅಧಿಸೂಚನೆಯಲ್ಲಿ ಫೋಟೋಗೆ 200×230 ಪಿಕ್ಸೆಲ್ ಅಂತ ಇರುತ್ತದೆ, ಫೈಲು 20ರಿಂದ 50 ಕೆಬಿ ಒಳಗಿರಬೇಕು. ಸಹಿಗೆ 140×60 ಪಿಕ್ಸೆಲ್, 10ರಿಂದ 20 ಕೆಬಿ. ನಮ್ಮ ಕೈಯಲ್ಲಿರುವುದು ಫೋನಿನಲ್ಲಿ ತೆಗೆದ 3000×4000 ಪಿಕ್ಸೆಲ್‌ನ ಫೋಟೋ, ಮೂರ್ನಾಲ್ಕು ಎಂಬಿ ತೂಕದ್ದು. ಅದನ್ನು ಯಾವುದೋ ಆ್ಯಪ್‌ಗೆ ಹಾಕಿ 50 ಕೆಬಿ ಅಂತ ಒತ್ತಿದರೆ ಫೈಲು ಚಿಕ್ಕದಾಗುತ್ತದೆ ನಿಜ. ಆದರೆ ಮುಖ ಮಸುಕಾಗಿರುತ್ತದೆ, ಕೂದಲಿನ ಸುತ್ತ ಕೊಳೆ ಹತ್ತಿದ ಹಾಗೆ ಕಾಣುತ್ತದೆ. ಪರೀಕ್ಷಾ ಕೇಂದ್ರದಲ್ಲಿ ಹಾಲ್ ಟಿಕೆಟ್‌ನ ಮುಖವನ್ನೂ ಎದುರಿಗಿರುವ ಮುಖವನ್ನೂ ಹೋಲಿಸಿ ನೋಡುತ್ತಾರೆ, ಹಾಗಾಗಿ ಇದು ಬರೀ ಅಂದದ ವಿಷಯ ಅಲ್ಲ.

ಇಲ್ಲಿ ಐಬಿಪಿಎಸ್ ಫೋಟೋ ಒಂದನ್ನೇ ಹಿಡಿದು ಮೊದಲಿಂದ ಕೊನೆಯವರೆಗೆ ಮಾಡಿ ತೋರಿಸುತ್ತೇನೆ. ಬೇರೆ ಅರ್ಜಿಗಳಲ್ಲಿ ಅಂಕಿ ಬೇರೆ ಇರಬಹುದು, ಕೆಲಸದ ಕ್ರಮ ಮಾತ್ರ ಇದೇ. ಅಂಕಿಗಳು ವರ್ಷದಿಂದ ವರ್ಷಕ್ಕೆ ಬದಲಾಗಬಹುದು, ಆದ್ದರಿಂದ ಆ ವರ್ಷದ ಅಧಿಸೂಚನೆಯನ್ನೇ ನೋಡಿ.

ಮೊದಲು ಈ ಮೂರನ್ನು ಬೇರೆ ಬೇರೆ ಮಾಡಿಕೊಳ್ಳಿ

ಅರ್ಜಿ ಕೇಳುವುದು ಮೂರು ಬೇರೆ ಬೇರೆ ವಿಷಯ. ಮೊದಲನೆಯದು ಚಿತ್ರದ ಆಕಾರ, ಅಂದರೆ ಅಗಲಕ್ಕೂ ಎತ್ತರಕ್ಕೂ ಇರುವ ಅನುಪಾತ. 200×230 ಅಂದರೆ 20ಕ್ಕೆ 23. ಎರಡನೆಯದು ಪಿಕ್ಸೆಲ್‌ಗಳ ಸಂಖ್ಯೆ. ಮೂರನೆಯದು ಫೈಲಿನ ತೂಕ, ಅಂದರೆ ಕೆಬಿ.

ಆಕಾರ ಸರಿಮಾಡುವುದು ಕ್ರಾಪ್. ಪಿಕ್ಸೆಲ್ ಇಳಿಸುವುದು ರೀಸೈಜ್. ಕೆಬಿ ಹೊಂದಿಸುವುದು ಕಂಪ್ರೆಸ್. ಈ ಮೂರನ್ನೂ ಇದೇ ಕ್ರಮದಲ್ಲಿ, ಒಂದೊಂದೇ ಸಲ, ಮೂಲ ಫೋಟೋದಿಂದಲೇ ಮಾಡಬೇಕು. ಮಸುಕು ಬರುವುದು ಹೆಚ್ಚಾಗಿ ಈ ಕ್ರಮ ತಲೆಕೆಳಗಾದಾಗ. ಮೊದಲೇ ಕೆಬಿ ಇಳಿಸಿಬಿಟ್ಟರೆ 3000×4000ರ ಅಷ್ಟೂ ಪಿಕ್ಸೆಲ್‌ಗಳನ್ನು 50 ಕೆಬಿಯಲ್ಲಿ ತುರುಕಿದ ಹಾಗೆ ಆಗುತ್ತದೆ. ಆಗ ಹೋದ ವಿವರ ಆಮೇಲೆ ಏನು ಮಾಡಿದರೂ ವಾಪಸ್ ಬರುವುದಿಲ್ಲ. ಕೆಲವು ಆ್ಯಪ್‌ಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತವೆ. ಕೆಬಿ ಗುರಿ ಮುಟ್ಟಲು ಚಿತ್ರವನ್ನು ಸಿಕ್ಕಾಪಟ್ಟೆ ಚಿಕ್ಕದು ಮಾಡಿ, ನೀವು ಕೇಳಿದ ಅಳತೆಗೆ ಮತ್ತೆ ಹಿಗ್ಗಿಸಿ ಕೊಡುತ್ತವೆ. ಅಳತೆ ಸರಿಯಿರುತ್ತದೆ, ಕೆಬಿಯೂ ಸರಿಯಿರುತ್ತದೆ, ಮುಖ ಮಾತ್ರ ಹೊಗೆಯಲ್ಲಿ ಇದ್ದಂತಿರುತ್ತದೆ.

50 ಕೆಬಿ ನಿಜವಾಗಿ ಕಮ್ಮಿಯೇ?

ಇಲ್ಲೊಂದು ಸಣ್ಣ ಲೆಕ್ಕ ಮಾಡೋಣ. ಮುಂದೆ ಎಲ್ಲಕ್ಕೂ ಇದು ಬೇಕಾಗುತ್ತದೆ.

200×230 ಅಂದರೆ 46,000 ಪಿಕ್ಸೆಲ್. 50 ಕೆಬಿ ಅಂದರೆ 51,200 ಬೈಟ್. ಭಾಗಿಸಿದರೆ ಒಂದು ಪಿಕ್ಸೆಲ್‌ಗೆ 1.1 ಬೈಟ್ ಸಿಗುತ್ತದೆ. ಜೆಪೆಗ್ ಫೋಟೋದಲ್ಲಿ ಒಂದು ಪಿಕ್ಸೆಲ್‌ಗೆ ಕಾಲು ಬೈಟ್‌ನಷ್ಟು ಸಿಕ್ಕರೂ ಮುಖ ಚೆನ್ನಾಗಿಯೇ ಕಾಣುತ್ತದೆ. ಅಂದರೆ ಈ ಅರ್ಜಿಯ ಮಿತಿ ಬಿಗಿಯೇನಲ್ಲ, ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಜಾಗವಿದೆ. ಪಿಕ್ಸೆಲ್ ಸರಿಯಾಗಿ ಇಳಿಸಿದ ಮೇಲೆ ಕಂಪ್ರೆಸ್ ಮಾಡುವ ಅಗತ್ಯವೇ ಹೆಚ್ಚುಕಮ್ಮಿ ಇರುವುದಿಲ್ಲ.

ನಿಜವಾಗಿ ಕಾಡುವುದು ಕೆಳಗಿನ ಮಿತಿ. 20 ಕೆಬಿಗೆ ಲೆಕ್ಕ ಹಾಕಿದರೆ ಪಿಕ್ಸೆಲ್‌ಗೆ 0.45 ಬೈಟ್. ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಜೆಪೆಗ್ ಇಷ್ಟನ್ನು ಬಳಸುವುದೇ ಇಲ್ಲ. ಹಾಗಾಗಿ ಸರಿಯಾದ ಅಳತೆಯ ಫೋಟೋ 10, 12 ಕೆಬಿಗೆ ಬಂದು ನಿಲ್ಲುತ್ತದೆ, ಅರ್ಜಿ ಅದನ್ನು ತಳ್ಳಿಹಾಕುತ್ತದೆ. ಆಗ ಏನು ಮಾಡಬೇಕು ಅನ್ನುವುದು ಮುಂದೆ ಇದೆ.

ಇದೇ ಲೆಕ್ಕವನ್ನು ಬೇರೆ ಅರ್ಜಿಗೆ ಹಾಕಿ ನೋಡಿ. 3.5×4.5 ಸೆಂಟಿಮೀಟರ್ ಫೋಟೋ, 300 ಡಿಪಿಐ ಅಂದರೆ ಇಂಚಿಗೆ 300 ಚುಕ್ಕಿ, 50 ಕೆಬಿ ಒಳಗೆ ಅಂತ ಕೇಳಿದ್ದಾರೆ ಅಂದುಕೊಳ್ಳಿ. ಸೆಂಟಿಮೀಟರನ್ನು 2.54ರಿಂದ ಭಾಗಿಸಿ ಡಿಪಿಐಯಿಂದ ಗುಣಿಸಿದರೆ ಪಿಕ್ಸೆಲ್ ಸಿಗುತ್ತದೆ. ಇಲ್ಲಿ 413×531, ಅಂದರೆ ಸುಮಾರು 2,19,000 ಪಿಕ್ಸೆಲ್. 50 ಕೆಬಿಯನ್ನು ಹಂಚಿದರೆ ಒಂದೊಂದಕ್ಕೆ 0.23 ಬೈಟ್. ಇಲ್ಲಿ ಸ್ವಲ್ಪ ಜಾಗ್ರತೆ ಬೇಕು, ಆದರೂ ಆಗುತ್ತದೆ. 0.1 ಬೈಟ್‌ನ ಹತ್ತಿರಕ್ಕೆ ಇಳಿದರೆ ಮಾತ್ರ ಕಣ್ಣಿಗೆ ಕಾಣುವ ಕೆಡುಕು ಶುರುವಾಗುತ್ತದೆ.

ಫೋಟೋ ತೆಗೆಯುವಾಗಲೇ ಅರ್ಧ ಕೆಲಸ

ಮೂಲ ಫೋಟೋ ಚೆನ್ನಾಗಿಲ್ಲದಿದ್ದರೆ ಮುಂದಿನ ಯಾವ ಹೆಜ್ಜೆಯೂ ಅದನ್ನು ಉಳಿಸುವುದಿಲ್ಲ. ಸೆಲ್ಫಿ ಬೇಡ. ಫೋನಿನ ಹಿಂದಿನ ಕ್ಯಾಮೆರಾದಲ್ಲಿ ಬೇರೆಯವರಿಂದ ತೆಗೆಸಿ. ನಾಲ್ಕು ಅಡಿ ದೂರದಿಂದ, ಕಣ್ಣಿನ ಎತ್ತರಕ್ಕೆ ಫೋನ್ ಹಿಡಿದು ತೆಗೆದರೆ ಮೂಗು ದೊಡ್ಡದಾಗಿ ಕಾಣುವ ತೊಂದರೆ ಇರುವುದಿಲ್ಲ. ಪೋರ್ಟ್ರೇಟ್ ಮೋಡ್ ಆಫ್ ಮಾಡಿ. ಅದು ಹಿನ್ನೆಲೆಯನ್ನು ಮಸುಕು ಮಾಡಲು ಹೋಗಿ ಕಿವಿಯ ಅಂಚು, ಕೂದಲಿನ ಅಂಚನ್ನೂ ಮಸುಕು ಮಾಡುತ್ತದೆ. ಬ್ಯೂಟಿ ಫಿಲ್ಟರ್ ಚರ್ಮದ ವಿವರವನ್ನೇ ಅಳಿಸುತ್ತದೆ, ಅದೂ ಬೇಡ.

ಬೆಳಕು ಹಗಲಿನದ್ದಾಗಿರಲಿ. ಕಿಟಕಿ ಅಥವಾ ಬಾಗಿಲಿನ ಕಡೆ ಮುಖ ಮಾಡಿ ನಿಲ್ಲಿ, ಹಿಂದೆ ಬಿಳಿ ಗೋಡೆ ಇರಲಿ, ಗೋಡೆಗೆ ಅಂಟಿ ನಿಲ್ಲದೆ ಎರಡಡಿ ಮುಂದೆ ಬನ್ನಿ. ಗೋಡೆಯ ಮೇಲೆ ನೆರಳು ಬೀಳದಿರಲಿ ಅನ್ನುವುದಕ್ಕೆ ಮಾತ್ರ ಇದನ್ನು ಹೇಳುತ್ತಿಲ್ಲ. ಕತ್ತಲೆ ಕೋಣೆಯಲ್ಲಿ ತೆಗೆದ ಫೋಟೋದಲ್ಲಿ ಸಣ್ಣ ಸಣ್ಣ ಬಣ್ಣದ ಚುಕ್ಕಿಗಳು ತುಂಬಿರುತ್ತವೆ. ಜೆಪೆಗ್‌ಗೆ ಅದು ಕಸ ಅಂತ ಗೊತ್ತಾಗುವುದಿಲ್ಲ, ಅದನ್ನೂ ವಿವರ ಅಂದುಕೊಂಡು ಕೆಬಿ ಖರ್ಚು ಮಾಡುತ್ತದೆ. ಬಿಗಿ ಮಿತಿಯ ಅರ್ಜಿಯಲ್ಲಿ ಆ ಖರ್ಚು ಮುಖಕ್ಕೆ ಸಿಗಬೇಕಾದ ಪಾಲಿನಿಂದಲೇ ಹೋಗುತ್ತದೆ.

ತೆಗೆದ ಫೋಟೋವನ್ನು ಕಂಪ್ಯೂಟರಿಗೆ ತರುವಾಗ ವಾಟ್ಸ್ಆ್ಯಪ್‌ನಲ್ಲಿ ಫೋಟೋ ಅಂತ ಕಳಿಸಬೇಡಿ, ಅಲ್ಲಿ ಪಿಕ್ಸೆಲ್ಲೂ ಇಳಿಯುತ್ತದೆ, ಕಂಪ್ರೆಸ್ಸೂ ಆಗುತ್ತದೆ. ಕೇಬಲ್, ಇ-ಮೇಲ್ ಬಳಸಿ, ಇಲ್ಲವೇ ವಾಟ್ಸ್ಆ್ಯಪ್‌ನಲ್ಲೇ ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ. ಫೋಟೋ ತೆರೆದು ಸ್ಕ್ರೀನ್‌ಶಾಟ್ ಹೊಡೆಯುವುದಂತೂ ಬೇಡವೇ ಬೇಡ.

ಸ್ಟುಡಿಯೋದಲ್ಲಿ ತೆಗೆಸಿದ್ದರೆ ಪ್ರಿಂಟ್ ಜೊತೆಗೆ ಮೂಲ ಫೈಲನ್ನೂ ಕೇಳಿ ತನ್ನಿ. ಪ್ರಿಂಟ್ ಮಾತ್ರ ಇದ್ದರೆ ಸ್ಕ್ಯಾನರ್‌ನಲ್ಲಿ 600 ಡಿಪಿಐಗೆ ಸ್ಕ್ಯಾನ್ ಮಾಡಿಸಿ. 3.5 ಸೆಂಟಿಮೀಟರ್ ಅಗಲಕ್ಕೆ 827 ಪಿಕ್ಸೆಲ್ ಸಿಗುತ್ತದೆ, ಇಳಿಸಲು ಧಾರಾಳ. ಪ್ರಿಂಟಿನ ಮೇಲೆ ಫೋನ್ ಹಿಡಿದು ಫೋಟೋ ತೆಗೆದರೆ ಹೊಳಪೂ ಸೊಟ್ಟೂ ಎರಡೂ ಸೇರಿಕೊಳ್ಳುತ್ತವೆ.

ಹೆಜ್ಜೆ 1: ಕ್ರಾಪ್

ನಮ್ಮ ಉದಾಹರಣೆ ಹೀಗಿದೆ. ಫೋಟೋ 3000×4000. ಮೆರೂನ್ ಕುರ್ತಾ ತೊಟ್ಟ ಹುಡುಗಿ, ಹಣೆಗೆ ಕುಂಕುಮ, ಹಿಂದೆ ಬಿಳಿ ಗೋಡೆ. ನಾಲ್ಕು ಅಡಿ ದೂರದಿಂದ ತೆಗೆದಿದ್ದರಿಂದ ನೆತ್ತಿಯಿಂದ ಗದ್ದದವರೆಗೆ ಸುಮಾರು 550 ಪಿಕ್ಸೆಲ್ ಇದೆ.

3000×4000 ಅಂದರೆ 3ಕ್ಕೆ 4. ನಮಗೆ ಬೇಕಾದ್ದು 20ಕ್ಕೆ 23. ಇವೆರಡೂ ಒಂದೇ ಆಕಾರ ಅಲ್ಲ. ಕ್ರಾಪ್ ಮಾಡದೆ ನೇರವಾಗಿ 200×230 ಅಂತ ಒತ್ತಿದರೆ ಮುಖ ಅಡ್ಡಡ್ಡ ಹಿಗ್ಗುತ್ತದೆ. ಮಸುಕಿಗಿಂತ ಇದು ಕೆಟ್ಟದ್ದು, ಯಾಕೆಂದರೆ ಮುಖದ ಗುರುತೇ ಬದಲಾಗುತ್ತದೆ.

ಕಂಪ್ಯೂಟರಿನಲ್ಲಿ ಜಿಂಪ್ ಅನ್ನುವ ಉಚಿತ ತಂತ್ರಾಂಶ ಈ ಕೆಲಸಕ್ಕೆ ತುಂಬ ಒಳ್ಳೆಯದು. ಫೋಟೋ ತೆರೆಯುವಾಗ ತಿರುಗಿಸಬೇಕೇ ಅಂತ ಕೇಳಿದರೆ `Rotate` ಒತ್ತಿ. ಫೋನು ಎಷ್ಟೋ ಸಲ ಫೋಟೋವನ್ನು ಅಡ್ಡಕ್ಕೇ ಉಳಿಸಿ, ನೇರ ಮಾಡಿ ತೋರಿಸು ಅಂತ ಒಂದು ಟಿಪ್ಪಣಿ ಮಾತ್ರ ಸೇರಿಸಿರುತ್ತದೆ. ಆ ಟಿಪ್ಪಣಿಯನ್ನು ಓದದ ಅರ್ಜಿಗಳಲ್ಲಿ ಫೋಟೋ ಮಲಗಿಕೊಂಡು ಬರುವುದು ಇದರಿಂದಲೇ.

`Shift+C` ಒತ್ತಿದರೆ ಕ್ರಾಪ್ ಟೂಲ್ ಬರುತ್ತದೆ. ಅದರ ಆಯ್ಕೆಗಳಲ್ಲಿ `Fixed` ಟಿಕ್ ಮಾಡಿ, `Aspect ratio` ಆರಿಸಿ, ಕೆಳಗಿನ ಚೌಕದಲ್ಲಿ `20:23` ಅಂತ ಬರೆಯಿರಿ. ಈಗ ಎಷ್ಟೇ ಎಳೆದರೂ ಆಕಾರ ತಪ್ಪುವುದಿಲ್ಲ. ತಲೆಯ ಮೇಲೆ ಸ್ವಲ್ಪ ಜಾಗ ಬಿಟ್ಟು, ಭುಜದವರೆಗೆ ಬರುವಂತೆ ಎಳೆಯಿರಿ. ತಲೆ ಚೌಕಟ್ಟಿನ ಎತ್ತರದ ಅರ್ಧಕ್ಕಿಂತ ಜಾಸ್ತಿ ಇರಲಿ. ನಮ್ಮ ಫೋಟೋದಲ್ಲಿ 800×920 ಕ್ರಾಪ್ ಸರಿಹೊಂದುತ್ತದೆ. ಬೇಕಾದ ಅಳತೆಗೆ ಇದು ಸರಿಯಾಗಿ ನಾಲ್ಕರಷ್ಟು. ಇಳಿಸಿದ ಮೇಲೆ 550 ಪಿಕ್ಸೆಲ್ ತಲೆ 137 ಪಿಕ್ಸೆಲ್ ಆಗುತ್ತದೆ, 230ರಲ್ಲಿ ಅರ್ಧಕ್ಕಿಂತ ಜಾಸ್ತಿ.

ಕ್ರಾಪ್ ಆದ ಮೇಲೆ ಅಗಲ 200ಕ್ಕಿಂತ ಕಮ್ಮಿ ಬಂತು ಅಂದರೆ ಅಲ್ಲೇ ನಿಲ್ಲಿಸಿ, ಹತ್ತಿರದಿಂದ ಬೇರೆ ಫೋಟೋ ತೆಗೆಯಿರಿ. ಹಿಗ್ಗಿಸಿದ ಫೋಟೋ ಮಸುಕಾಗದೆ ಇರುವುದಿಲ್ಲ. 400 ಇದ್ದರೆ ನಡೆಯುತ್ತದೆ, 800 ಇದ್ದರೆ ಚಿಂತೆಯೇ ಇಲ್ಲ.

ಹೆಜ್ಜೆ 2: ರೀಸೈಜ್, ಆಮೇಲೆ ಚೂರು ಶಾರ್ಪ್

`Image` ಮೆನುವಿನಲ್ಲಿ `Scale Image` ತೆರೆದು ಅಗಲಕ್ಕೆ 200 ಕೊಡಿ. ಎತ್ತರ ತಾನಾಗಿ 230 ಆಗಬೇಕು. 229 ಅಥವಾ 231 ಬಂದರೆ ಸರಪಳಿ ಚಿಹ್ನೆ ಒತ್ತಿ ಬಿಡಿಸಿ, 230 ಅಂತ ಕೈಯಲ್ಲೇ ಬರೆಯಿರಿ. ಒಂದು ಪಿಕ್ಸೆಲ್ ವ್ಯತ್ಯಾಸದಿಂದ ಮುಖ ಬದಲಾಗುವುದಿಲ್ಲ.

ಕೆಳಗೆ `Interpolation` ಅಂತ ಒಂದು ಆಯ್ಕೆ ಇದೆ. ಹೆಚ್ಚಿನವರು ಇದನ್ನು ನೋಡುವುದಿಲ್ಲ. ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ಹೇಗೆ ಬೆರೆಸಿ ಹೊಸ ಪಿಕ್ಸೆಲ್ ಮಾಡಬೇಕು ಅನ್ನುವುದನ್ನು ಇದು ಹೇಳುತ್ತದೆ. ನಾವು ಹದಿನಾರು ಪಿಕ್ಸೆಲ್‌ಗೆ ಒಂದು ಪಿಕ್ಸೆಲ್ ಮಾಡುತ್ತಿದ್ದೇವೆ. `None` ಇದ್ದರೆ ಒಂದನ್ನು ಇಟ್ಟುಕೊಂಡು ಉಳಿದದ್ದನ್ನು ಎಸೆಯುತ್ತದೆ, ಕನ್ನಡಕದ ಅಂಚು, ಕಾಲರ್ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತವೆ. ಅರ್ಧಕ್ಕಿಂತ ಚಿಕ್ಕದು ಮಾಡುವಾಗ `NoHalo` ಒಳ್ಳೆಯದು. ಅದು ಇಲ್ಲದಿದ್ದರೆ `Cubic` ಇರಲಿ.

ಈಗ ಕೀಬೋರ್ಡಿನಲ್ಲಿ `1` ಒತ್ತಿ. ಚಿತ್ರ ನೂರಕ್ಕೆ ನೂರು ಅಳತೆಯಲ್ಲಿ ಕಾಣುತ್ತದೆ. ತುಂಬ ಚಿಕ್ಕದು ಅನಿಸುತ್ತದೆ, ಅದು ಸಹಜ. ಸ್ವಲ್ಪ ಮೆತ್ತಗೆ ಕಾಣುತ್ತಿದೆ ಅನಿಸಿದರೆ ಅದೂ ಸಹಜವೇ, ಹಲವು ಪಿಕ್ಸೆಲ್ ಬೆರೆಸಿದಾಗ ಅಂಚುಗಳು ಕೊಂಚ ಮೃದುವಾಗುತ್ತವೆ. ಇದನ್ನು ಸರಿಮಾಡಲು `Filters`, `Enhance`, `Sharpen (Unsharp Mask)` ತೆರೆಯಿರಿ. `Radius` 0.5, `Amount` 0.5 ಇಡಿ. ಹುಬ್ಬು, ಕಣ್ಣಿನ ರೆಪ್ಪೆ, ಕಾಲರ್ ಅಂಚು ಸ್ಪಷ್ಟ ಆದರೆ ಸಾಕು. ಮುಖದ ಸುತ್ತ ಬಿಳಿ ಗೆರೆ ಕಾಣಿಸಿದರೆ ಜಾಸ್ತಿ ಆಯಿತು ಅಂತ ಅರ್ಥ, ಕಮ್ಮಿ ಮಾಡಿ.

ಶಾರ್ಪ್ ಮಾಡುವುದು ರೀಸೈಜ್ ಆದ ಮೇಲೆಯೇ. ದೊಡ್ಡ ಫೋಟೋದಲ್ಲಿ ಶಾರ್ಪ್ ಮಾಡಿ ಆಮೇಲೆ ಇಳಿಸಿದರೆ ಆ ಶ್ರಮ ಇಳಿಸುವಾಗಲೇ ಕರಗಿಹೋಗುತ್ತದೆ.

ಹೆಜ್ಜೆ 3: ಕೆಬಿ ಹೊಂದಿಸುವುದು

`File` ಮೆನುವಿನಲ್ಲಿ `Export As` ಒತ್ತಿ, ಹೆಸರು `photo.jpg` ಅಂತ ಕೊಡಿ. ಹೆಸರಿನಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಅಂಕಿ ಮಾತ್ರ ಇರಲಿ. ಕನ್ನಡ ಅಕ್ಷರ, ಆವರಣ ಚಿಹ್ನೆ ಇರುವ ಹೆಸರನ್ನು ಕೆಲವು ಅರ್ಜಿಗಳು ತೆಗೆದುಕೊಳ್ಳುವುದಿಲ್ಲ.

ಮುಂದಿನ ಕಿಟಕಿಯಲ್ಲಿ `Quality` ಅನ್ನುವ ಪಟ್ಟಿ ಇದೆ. ಅದರ ಹತ್ತಿರವೇ ಪ್ರಿವ್ಯೂ ತೋರಿಸುವ ಟಿಕ್ ಇದೆ, ಅದನ್ನು ಹಾಕಿದರೆ ಫೈಲು ಎಷ್ಟು ಕೆಬಿ ಆಗುತ್ತದೆ ಅಂತ ಉಳಿಸುವ ಮೊದಲೇ ಗೊತ್ತಾಗುತ್ತದೆ. ಹಾಗೆಯೇ `Advanced Options` ಒಳಗೆ `Subsampling` ಹುಡುಕಿ, `4:4:4` ಅಂತ ಮಾಡಿ.

ಈ `Subsampling` ಬಗ್ಗೆ ಸ್ವಲ್ಪ ಹೇಳಲೇಬೇಕು. ಜೆಪೆಗ್ ಹೊಳಪನ್ನು ಬೇರೆ, ಬಣ್ಣವನ್ನು ಬೇರೆ ಮಾಡಿ ಇಡುತ್ತದೆ. ಜಾಗ ಉಳಿಸಲು ಬಣ್ಣವನ್ನು ಅರ್ಧ ಅಗಲ, ಅರ್ಧ ಎತ್ತರಕ್ಕೆ ಇಳಿಸುವುದು ರೂಢಿ. ಅದೇ `4:2:0`. ದೊಡ್ಡ ಫೋಟೋದಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ಆದರೆ 200×230ರಲ್ಲಿ ಬಣ್ಣ ಬರೀ 100×115 ಆಗಿಬಿಡುತ್ತದೆ. ನಮ್ಮ ಹುಡುಗಿಯ ಹಣೆಯ ಕುಂಕುಮ ಮೂರೋ ನಾಲ್ಕೋ ಪಿಕ್ಸೆಲ್ ಅಷ್ಟೇ, ಅದರ ಕೆಂಪು ಹಣೆಗೆಲ್ಲ ಕಲಸಿದ ಹಾಗೆ ಕಾಣುತ್ತದೆ. ಮೆರೂನ್ ಕುರ್ತಾದ ಅಂಚು ಬಿಳಿ ಗೋಡೆಗೆ ಹರಿದ ಹಾಗೆ ಇರುತ್ತದೆ. ಕೆಂಪು, ಮೆರೂನ್, ಕಡುನೀಲಿ ಬಟ್ಟೆಯವರ ಫೋಟೋ ಮಸುಕಾಗಿದೆ ಅನಿಸುವುದಕ್ಕೆ ಎಷ್ಟೋ ಸಲ ಕಾರಣ ಇದೇ ಆಗಿರುತ್ತದೆ. `4:4:4` ಇಟ್ಟರೆ ಬಣ್ಣ ಪೂರ್ತಿ ಉಳಿಯುತ್ತದೆ. ನಮ್ಮಲ್ಲಿ ಕೆಬಿಗೆ ಬರವಿಲ್ಲವಲ್ಲ, ಬಳಸಿಕೊಳ್ಳೋಣ.

ಈಗ `Quality` ಪಟ್ಟಿ ಎಳೆಯಿರಿ. ನಮ್ಮಂಥ ಫೋಟೋದಲ್ಲಿ 75ಕ್ಕೆ ಇಟ್ಟರೆ ಸುಮಾರು 8 ಕೆಬಿ ಬರುತ್ತದೆ, 90ಕ್ಕೆ 14ರ ಆಸುಪಾಸು. ಎರಡೂ 20ಕ್ಕಿಂತ ಕಮ್ಮಿ, ಅರ್ಜಿ ಒಪ್ಪುವುದಿಲ್ಲ. 96, 97ಕ್ಕೆ ಹೋದಾಗ 25 ಕೆಬಿ ಹತ್ತಿರ ಬರುತ್ತದೆ, 100ಕ್ಕೆ 40ರ ಸುತ್ತಮುತ್ತ. ನಿಮ್ಮ ಫೋಟೋದ ಅಂಕಿ ಹೆಚ್ಚುಕಮ್ಮಿ ಇರುತ್ತದೆ. ಜಡೆ, ಗಡ್ಡ, ಚೌಕಳಿ ಅಂಗಿ ಇದ್ದರೆ ತೂಕ ಜಾಸ್ತಿ, ಸಾದಾ ಬಟ್ಟೆ ಇದ್ದರೆ ಕಮ್ಮಿ. ನೋಡಬೇಕಾದ್ದು ಕೆಬಿಯನ್ನೇ ಹೊರತು `Quality` ಅಂಕಿಯನ್ನಲ್ಲ. 25ರಿಂದ 45 ಕೆಬಿ ನಡುವೆ ಎಲ್ಲಿದ್ದರೂ ಸರಿ. ಅಂಚಿಗೆ ಹೋಗಬೇಡಿ, ಒಂದು ಕೆಬಿ ಅಂದರೆ ಕೆಲವೆಡೆ 1000 ಬೈಟ್, ಕೆಲವೆಡೆ 1024 ಬೈಟ್ ಅಂತ ಲೆಕ್ಕ ಹಾಕುತ್ತಾರೆ.

413×531ರಂಥ ಬಿಗಿ ಅರ್ಜಿಯಲ್ಲಿ ದಾರಿ ತಿರುವುಮುರುವು. ಅಲ್ಲಿ ಮೊದಲು ಎಕ್ಸಿಫ್ ಮಾಹಿತಿ ಮತ್ತು ಥಂಬ್‌ನೇಲ್ ಉಳಿಸುವ ಟಿಕ್‌ಗಳನ್ನು ತೆಗೆಯಿರಿ. ಫೋನಿನ ಹೆಸರು, ಫೋಟೋ ತೆಗೆದ ಜಾಗ, ಒಂದು ಪುಟಾಣಿ ಪ್ರತಿ ಇವೆಲ್ಲ ಫೈಲಿನೊಳಗೆ ಕೂತು ಕೆಲವು ಕೆಬಿ ತಿನ್ನುತ್ತಿರುತ್ತವೆ. ಅದು ಸಾಲದಿದ್ದರೆ `Quality`ಯನ್ನು 90ರಿಂದ ಮೆಲ್ಲಗೆ ಇಳಿಸುತ್ತಾ ಬನ್ನಿ. 75ಕ್ಕಿಂತ ಕೆಳಗೆ ಹೋಗಬೇಕಾಗಿ ಬಂದರೆ ಆಗ ಮಾತ್ರ `4:2:0` ಮಾಡಿ.

ಒಂದು ಸಲ ಎಕ್ಸ್‌ಪೋರ್ಟ್ ಮಾಡಿದ ಮೇಲೆ ಕೆಬಿ ಸರಿಬರಲಿಲ್ಲ ಅಂದರೆ ಆ ಜೆಪೆಗ್ ಅನ್ನೇ ತೆರೆದು ಮತ್ತೆ ಉಳಿಸಬೇಡಿ. ಅದು ಜೆರಾಕ್ಸ್‌ನಿಂದ ಜೆರಾಕ್ಸ್ ತೆಗೆದ ಹಾಗೆ, ಪ್ರತಿ ಸಲವೂ ಸ್ವಲ್ಪ ಕೆಡುತ್ತದೆ. ಜಿಂಪ್‌ನಲ್ಲಿ ತೆರೆದಿರುವ ಚಿತ್ರದಿಂದಲೇ ಮತ್ತೊಮ್ಮೆ ಎಕ್ಸ್‌ಪೋರ್ಟ್ ಮಾಡಿ.

ಫೋನ್ ಒಂದೇ ಇದ್ದರೆ

ಕಂಪ್ಯೂಟರ್ ಇಲ್ಲದವರು ಬ್ರೌಸರಿನಲ್ಲಿ `squoosh.app` ತೆರೆಯಬಹುದು. ಇದನ್ನೇ ಹೇಳುವುದಕ್ಕೆ ಕಾರಣವಿದೆ. ಇದರಲ್ಲಿ ಕೆಲಸವೆಲ್ಲ ನಿಮ್ಮ ಫೋನಿನೊಳಗೇ ನಡೆಯುತ್ತದೆ, ಫೋಟೋ ಬೇರೆಯವರ ಸರ್ವರಿಗೆ ಹೋಗುವುದಿಲ್ಲ. ಮುಖದ ಫೋಟೋ, ಸಹಿ ಎರಡನ್ನೂ ಗೊತ್ತಿಲ್ಲದ ಸೈಟಿಗೆ ಹಾಕುವುದು ನನಗಂತೂ ಸರಿ ಕಾಣುವುದಿಲ್ಲ.

ಸ್ಕ್ವೂಶ್‌ನಲ್ಲಿ ಕ್ರಾಪ್ ಟೂಲ್ ಇಲ್ಲ. ಅದಕ್ಕೆ ಫೋನಿನ ಗ್ಯಾಲರಿಯಲ್ಲೇ ತಲೆಯಿಂದ ಭುಜದವರೆಗೆ ಕ್ರಾಪ್ ಮಾಡಿ, ಅಗಲಕ್ಕಿಂತ ಎತ್ತರ ಸ್ವಲ್ಪ ಜಾಸ್ತಿ ಇರುವಂತೆ. ಆಮೇಲೆ ಸ್ಕ್ವೂಶ್‌ನಲ್ಲಿ ತೆರೆದು `Resize` ಆನ್ ಮಾಡಿ. `Method` ಜಾಗದಲ್ಲಿ `Lanczos3` ಇರಲಿ. `Maintain aspect ratio` ಟಿಕ್ ತೆಗೆದು ಅಗಲ 200, ಎತ್ತರ 230 ಕೊಡಿ. ಈಗ `Fit method` ಅಂತ ಬರುತ್ತದೆ, ಅಲ್ಲಿ `Stretch` ಬದಲು `Contain` ಆರಿಸಿ. ಮುಖವನ್ನು ಎಳೆಯದೆ ಅಂಚಿನ ಹೆಚ್ಚುವರಿ ಭಾಗವನ್ನಷ್ಟೇ ಕತ್ತರಿಸುತ್ತದೆ. ಕೆಳಗೆ `MozJPEG` ಆರಿಸಿ `Quality` ಹೆಚ್ಚಿಸಿ. ಇದು ಜಾಗ ಉಳಿಸುವುದರಲ್ಲಿ ಜಾಣ, ಹಾಗಾಗಿ 20 ಕೆಬಿ ದಾಟಲು ಜಿಂಪ್‌ಗಿಂತ ಜಾಸ್ತಿ ಅಂಕಿ ಬೇಕಾಗಬಹುದು. ಎಷ್ಟು ಕೆಬಿ ಆಯಿತು ಅಂತ ಪರದೆಯ ಕೆಳಗೇ ಕಾಣುತ್ತಿರುತ್ತದೆ.

ಹತ್ತಾರು ಜನರ ಅರ್ಜಿ ತುಂಬುವವರಿಗೆ

ಸೈಬರ್ ಸೆಂಟರ್‌ನಲ್ಲಿ ಕೂತು ದಿನವೂ ಇದೇ ಕೆಲಸ ಮಾಡುವವರಿಗೆ ಇಮೇಜ್‌ಮ್ಯಾಜಿಕ್ ಅನ್ನುವ ಉಚಿತ ಉಪಕರಣ ಅನುಕೂಲ. ಮೇಲಿನ ಮೂರೂ ಹೆಜ್ಜೆ ಒಂದೇ ಆಜ್ಞೆಯಲ್ಲಿ ಆಗುತ್ತದೆ:

```
magick photo.jpg -auto-orient -crop 800x920+1100+1200 +repage -filter Lanczos -resize "200x230!" -unsharp 0x0.5+0.5+0 -strip -sampling-factor 4:4:4 -quality 97 out.jpg
```

`+1100+1200` ಅನ್ನುವುದು ಕ್ರಾಪ್ ಎಲ್ಲಿಂದ ಶುರುವಾಗಬೇಕು ಅಂತ: ಎಡದಿಂದ 1100, ಮೇಲಿಂದ 1200 ಪಿಕ್ಸೆಲ್. ಇದು ಫೋಟೋದಿಂದ ಫೋಟೋಗೆ ಬದಲಾಗುತ್ತದೆ. ತಲೆಯ ಅಳತೆ ಬೇರೆ ಇದ್ದರೆ 800x920 ಅನ್ನೂ ಅದೇ ಆಕಾರದಲ್ಲಿ ಬದಲಿಸಿ, ಕೆಬಿ ಸರಿಬರದಿದ್ದರೆ `-quality` ಅಂಕಿಯನ್ನು ಬದಲಿಸಿ. ಉಳಿದದ್ದೆಲ್ಲ ಹಾಗೇ ಇರಲಿ.

ಸಹಿ: ಇದರ ಕಷ್ಟವೇ ಬೇರೆ

140×60 ಅಂದರೆ 8,400 ಪಿಕ್ಸೆಲ್. ಕನಿಷ್ಠ 10 ಕೆಬಿ ಅಂದರೆ 10,240 ಬೈಟ್. ಒಂದು ಪಿಕ್ಸೆಲ್‌ಗೆ 1.2 ಬೈಟ್! ಬಿಳಿ ಹಾಳೆಯ ಮೇಲೆ ನಾಲ್ಕು ಗೆರೆ ಇರುವ ಚಿತ್ರ ಇಷ್ಟು ತೂಕ ಬರುವುದು ತುಂಬ ಕಷ್ಟ. `Quality` 100 ಇಟ್ಟರೂ 10 ಮುಟ್ಟದೆ ಇರುವುದೇ ಹೆಚ್ಚು.

ಐಬಿಪಿಎಸ್ ಅಧಿಸೂಚನೆಯಲ್ಲಿ ಈ ಪಿಕ್ಸೆಲ್ ಅಳತೆಯನ್ನು ಆದ್ಯತೆ ಅಂತ ಹೇಳಿದ್ದಾರೆ, ಕೆಬಿಯನ್ನು ಮಾತ್ರ ಮಿತಿ ಅಂತ ಹೇಳಿದ್ದಾರೆ. ಆದ್ದರಿಂದ ಅದೇ ಆಕಾರದಲ್ಲಿ ಎರಡರಷ್ಟು, ಅಂದರೆ 280×120 ಮಾಡಿ ನೋಡಿ. ಈಗ ಪಿಕ್ಸೆಲ್ 33,600, ಒಂದೊಂದಕ್ಕೆ 0.3 ಬೈಟ್ ಆದರೆ 10 ಕೆಬಿ ಆಯಿತು. `Quality` 95ರ ಮೇಲೆ, `4:4:4` ಇಟ್ಟರೆ ಇದು ಸಾಧ್ಯ. ಗೆರೆಗಳೂ ಇನ್ನಷ್ಟು ಸ್ಪಷ್ಟ. ಆಗಲೂ ಕಮ್ಮಿ ಬಂದರೆ 350×150ಕ್ಕೆ ಹೋಗಿ. ಅಳತೆ ಒಂದಿಷ್ಟೂ ಬದಲಾಗುವ ಹಾಗಿಲ್ಲ ಅನ್ನುವ ಅರ್ಜಿ ಇದ್ದರೆ `Quality` 100 ಮಾಡಿ, ಎಕ್ಸಿಫ್, ಥಂಬ್‌ನೇಲ್, ಬಣ್ಣದ ಪ್ರೊಫೈಲ್ ಉಳಿಸುವ ಟಿಕ್‌ಗಳನ್ನು ಹಾಕಿ. ಫೋಟೋದಲ್ಲಿ ಬೇಡ ಅಂದ ಆ ಕೆಲವು ಕೆಬಿ ಇಲ್ಲಿ ಕೈಹಿಡಿಯುತ್ತವೆ.

ಸಹಿ ಮಾಡುವಾಗ ಕಪ್ಪು ಶಾಯಿ, ಗೆರೆ ಇಲ್ಲದ ಬಿಳಿ ಹಾಳೆ. ದಪ್ಪ ಬರೆಯುವ ಜೆಲ್ ಪೆನ್ ಒಳ್ಳೆಯದು. ತೆಳು ಬಾಲ್‌ಪೆನ್ನಿನ ಗೆರೆ ಇಳಿಸುವಾಗ ಒಂದು ಪಿಕ್ಸೆಲ್‌ಗಿಂತ ಸಣ್ಣದಾಗಿ ಬೂದು ಬಣ್ಣಕ್ಕೆ ತಿರುಗುತ್ತದೆ. ಸಹಿಯ ಸುತ್ತ ಜಾಗ ಕಮ್ಮಿ ಬಿಟ್ಟು ಕ್ರಾಪ್ ಮಾಡಿ. ಹಾಳೆಯನ್ನು ಪೂರ್ತಿ ಬೆಳ್ಳಗೆ ಮಾಡಲು ಹೋಗಬೇಡಿ, ಕಾಗದದ ಸಹಜ ತರಿ ಉಳಿದರೆ ಕೆಬಿಯೂ ಏರುತ್ತದೆ. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಮಾಡಿದ ಸಹಿಯನ್ನು ಐಬಿಪಿಎಸ್ ಒಪ್ಪುವುದಿಲ್ಲ, ಇದನ್ನು ಮೊದಲೇ ನೋಡಿಕೊಳ್ಳಿ.

ಅಪ್‌ಲೋಡ್ ಮಾಡುವ ಮೊದಲು ಮತ್ತು ಆಮೇಲೆ

ವಿಂಡೋಸ್‌ನಲ್ಲಿ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ `Properties` ನೋಡಿದರೆ `Size`, `Size on disk` ಅಂತ ಎರಡು ಅಂಕಿ ಇರುತ್ತವೆ. ಅರ್ಜಿ ನೋಡುವುದು `Size`. ಇನ್ನೊಂದು ಡಿಸ್ಕಿನಲ್ಲಿ ಹಿಡಿದ ಜಾಗ, ಸಾಮಾನ್ಯವಾಗಿ ಸ್ವಲ್ಪ ಜಾಸ್ತಿ ತೋರಿಸುತ್ತದೆ. `Details` ಒಳಗೆ ಪಿಕ್ಸೆಲ್ ಅಳತೆ ಸಿಗುತ್ತದೆ, ಅಗಲ ಮೊದಲು, ಎತ್ತರ ಆಮೇಲೆ.

ಅಳತೆ, ಕೆಬಿ ಎಲ್ಲ ಸರಿಯಿದ್ದೂ ಫೈಲು ಸರಿಯಿಲ್ಲ ಅಂತ ಬಂದರೆ ಅದು ನಿಜವಾದ ಜೆಪೆಗ್ ಅಲ್ಲದಿರಬಹುದು. ಐಫೋನ್ ಫೋಟೋ ಎಷ್ಟೋ ಸಲ `.heic` ಇರುತ್ತದೆ, ಬ್ರೌಸರಿನಿಂದ ಇಳಿಸಿಕೊಂಡದ್ದು `.webp` ಇರಬಹುದು. ಹೆಸರಿನ ಕೊನೆಯಲ್ಲಿ `.jpg` ಅಂತ ಬದಲಿಸಿದ ಮಾತ್ರಕ್ಕೆ ಒಳಗಿರುವುದು ಬದಲಾಗುವುದಿಲ್ಲ, ತೆರೆದು ಜೆಪೆಗ್ ಆಗಿ ಎಕ್ಸ್‌ಪೋರ್ಟ್ ಮಾಡಲೇಬೇಕು. ಐಫೋನ್‌ನಲ್ಲಿ `Settings`, `Camera`, `Formats` ಒಳಗೆ `Most Compatible` ಆರಿಸಿಟ್ಟರೆ ಮುಂದಿನ ಫೋಟೋಗಳು ಜೆಪೆಗ್ ಆಗಿಯೇ ಬರುತ್ತವೆ.

ಅಪ್‌ಲೋಡ್ ಆದ ಮೇಲೆ ಅರ್ಜಿಯ ಪ್ರಿವ್ಯೂನಲ್ಲಿ ಮುಖ ಸ್ವಲ್ಪ ಮೆತ್ತಗೆ ಕಂಡರೆ ಗಾಬರಿ ಬೇಡ. ಇಂದಿನ ಫೋನ್ ಪರದೆಗಳು 200 ಪಿಕ್ಸೆಲ್ ಚಿತ್ರವನ್ನು ಎರಡು ಮೂರು ಪಟ್ಟು ಹಿಗ್ಗಿಸಿ ತೋರಿಸುತ್ತವೆ. ಫೈಲು ಕೆಟ್ಟಿದೆಯೇ ಅಂತ ತಿಳಿಯಲು ಬೇರೆ ಗುರುತುಗಳಿವೆ: ಕೆನ್ನೆಯ ಮೇಲೆ ಚೌಕ ಚೌಕ ಕಲೆ, ಕೂದಲು ಮತ್ತು ಗೋಡೆ ಸೇರುವಲ್ಲಿ ಕೊಳೆಯಂಥ ಚುಕ್ಕಿ, ಕುಂಕುಮ ಅಥವಾ ತುಟಿಯ ಬಣ್ಣ ಹೊರಗೆ ಹರಿದಿರುವುದು. ಇವು ಇಲ್ಲದಿದ್ದರೆ ಫೋಟೋ ಚೆನ್ನಾಗಿದೆ. 3.5 ಸೆಂಟಿಮೀಟರ್ ಅಗಲಕ್ಕೆ ಪ್ರಿಂಟ್ ಆದಾಗ 200 ಪಿಕ್ಸೆಲ್ ಅಂದರೆ ಇಂಚಿಗೆ 145 ಪಿಕ್ಸೆಲ್. ಹಾಲ್ ಟಿಕೆಟ್ ಕೈಯಲ್ಲಿ ಹಿಡಿದು ನೋಡುವವರಿಗೆ ಮುಖ ಸ್ಪಷ್ಟವಾಗಿಯೇ ಕಾಣುತ್ತದೆ. ಅನುಮಾನ ಇದ್ದರೆ ಸಲ್ಲಿಸುವ ಮೊದಲು ಅದೇ ಅಳತೆಗೆ ಒಂದು ಪ್ರಿಂಟ್ ತೆಗೆದು ನೋಡಿ.

ಕ್ರಾಪ್ ಮಾಡಿದ, ಇನ್ನೂ ರೀಸೈಜ್ ಮಾಡದ 800×920ರ ಚಿತ್ರವನ್ನು ಜಿಂಪ್‌ನ `.xcf` ಅಥವಾ `.png` ರೂಪದಲ್ಲಿ ಬೇರೆ ಇಟ್ಟುಕೊಳ್ಳಿ. ಮುಂದಿನ ಅರ್ಜಿ ಹೆಚ್ಚುಕಮ್ಮಿ ಇದೇ ಆಕಾರದಲ್ಲಿ ಬೇರೆ ಅಳತೆ ಕೇಳಿದರೆ ಎರಡನೇ ಹೆಜ್ಜೆಯಿಂದ ಶುರುಮಾಡಬಹುದು. ಚೌಕಾಕಾರದ ಫೋಟೋ ಕೇಳಿದರೆ ಮಾತ್ರ ಮೂಲ ಫೋಟೋಗೇ ಹೋಗಿ ಹೊಸದಾಗಿ ಕ್ರಾಪ್ ಮಾಡಬೇಕು, ಆದ್ದರಿಂದ 3000×4000ರ ಮೂಲವನ್ನೂ ಅಳಿಸಬೇಡಿ.